ಎಣ್ಣೆ ಟಿನ್ನಿನ ದರ ಏರಿದಾಗ ಚಕ್ಕುಲಿಯಲ್ಲಿ ಉಳಿಯುವುದೆಷ್ಟು?

ಒಂದು ಸರಕಿನ ಮಾರಾಟ ಬೆಲೆಯಲ್ಲಿ ಅದರ ಅಸಲನ್ನು ಕಳೆದರೆ ಉಳಿಯುವುದು ಒಟ್ಟು ಲಾಭ. ಆ ಲಾಭ ಮಾರಾಟ ಬೆಲೆಯ ಶೇಕಡಾ ಎಷ್ಟು ಎಂಬುದೇ ಮಾರ್ಜಿನ್. ಅಂಗಡಿಯ ಬಾಡಿಗೆ, ಕರೆಂಟ್ ಬಿಲ್ಲು, ಗಲ್ಲದಲ್ಲಿ ಕೂರುವವರ ಸಂಬಳ ಎಲ್ಲವೂ ಈ ಲಾಭದಿಂದಲೇ ಹೊರಡಬೇಕು. ಆದ್ದರಿಂದ ಪ್ರತಿ ಅಂಗಡಿಗೂ ಇದಕ್ಕಿಂತ ಕೆಳಗಿಳಿಯಬಾರದು ಎಂಬ ಒಂದು ಗುರಿ ಇರುತ್ತದೆ. ಕಚ್ಚಾ ಸಾಮಗ್ರಿಯ ದರ ಏರಿದಾಗ ಯಾವ ಸರಕು ಆ ಗುರಿಯ ಕೆಳಗೆ ಜಾರಿತು ಎಂಬುದು ತಿಂಗಳ ಒಟ್ಟು ವಹಿವಾಟಿನಲ್ಲಿ ಕಾಣುವುದಿಲ್ಲ. ಒಂದೊಂದು ಸರಕಿನ ಲೆಕ್ಕ ಬೇರೆಯಾಗಿಯೇ ಆಗಬೇಕು.

ಚಕ್ಕುಲಿ, ನಿಪ್ಪಟ್ಟು ಮಾಡಿ ಮಾರುವ ಕಾಂಡಿಮೆಂಟ್ಸ್ ಅಂಗಡಿ ಇದಕ್ಕೆ ಒಳ್ಳೆಯ ಉದಾಹರಣೆ. ಭಾರತ ತನಗೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. 2024ರ ಸೆಪ್ಟೆಂಬರ್ 14ರಿಂದ ಕೇಂದ್ರ ಸರ್ಕಾರ ಕಚ್ಚಾ ತಾಳೆ, ಸೋಯಾ ಮತ್ತು ಸೂರ್ಯಕಾಂತಿ ಎಣ್ಣೆಯ ಮೇಲೆ, ಅಲ್ಲಿಯವರೆಗೆ ಇಲ್ಲದಿದ್ದ ಮೂಲ ಆಮದು ಸುಂಕವನ್ನು ಶೇ. 20ಕ್ಕೆ ಏರಿಸಿತು. ದಸರಾ, ದೀಪಾವಳಿಯ ತಿಂಡಿಗೆ ಬಾಣಲೆ ಇಡುವ ಹೊತ್ತಿಗೆ ಸರಿಯಾಗಿ ಎಣ್ಣೆಯ ದರ ಹತ್ತಿತು.

ಇಲ್ಲಿ ಲೆಕ್ಕಕ್ಕಾಗಿ ಒಂದು ಕಲ್ಪಿತ ಅಂಗಡಿಯನ್ನು ತೆಗೆದುಕೊಳ್ಳಬಹುದು. 15 ಕೆಜಿ ಎಣ್ಣೆ ಟಿನ್ನಿಗೆ 1,650 ರೂಪಾಯಿ ಇದ್ದದ್ದು 2,100 ಆಯಿತು. ಅಂದರೆ ಕೆಜಿಗೆ 110 ಇದ್ದದ್ದು 140. ಅಂಗಡಿಯ ಗುರಿ ಶೇ. 38.

ಮೊದಲ ಕೆಲಸ ಒಂದು ಕೆಜಿ ತಿಂಡಿಗೆ ಎಷ್ಟು ಎಣ್ಣೆ ಹೋಗುತ್ತದೆ ಎಂದು ಕಂಡುಕೊಳ್ಳುವುದು. ಹೆಚ್ಚಿನವರು ಎಡವುವುದು ಇಲ್ಲೇ. ತಿಂಡಿ ಕುಡಿದ ಎಣ್ಣೆಯನ್ನಷ್ಟೇ ಲೆಕ್ಕ ಹಿಡಿದರೆ ಸಾಲದು. ಕರಿದು ಕರಿದು ಕಪ್ಪಾಗಿ, ನೊರೆ ಕಟ್ಟಿ, ಕೊನೆಗೆ ಬಾಣಲೆಯಿಂದ ತೆಗೆದುಹಾಕುವ ಎಣ್ಣೆಗೂ ದುಡ್ಡು ಕೊಟ್ಟಿರುತ್ತದೆ. ಪೋಲಾರ್ ಸಂಯುಕ್ತಗಳು ಶೇ. 25 ದಾಟಿದ ಎಣ್ಣೆಯನ್ನು ಮತ್ತೆ ಬಳಸಬಾರದು ಎಂಬ ಆಹಾರ ಸುರಕ್ಷತಾ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ. ಹಾಗಾಗಿ ಈ ನಷ್ಟ ತಪ್ಪುವಂಥದ್ದಲ್ಲ. ಸುಲಭದ ದಾರಿ ಹೀಗಿದೆ: ಬರೀ ಚಕ್ಕುಲಿ ಕರಿಯುವ ದಿನ ಬೆಳಿಗ್ಗೆ ಇದ್ದ ಎಣ್ಣೆಗೆ ಮಧ್ಯೆ ಸುರಿದದ್ದನ್ನು ಸೇರಿಸಿ, ಸಂಜೆ ಮತ್ತೆ ಬಳಸುವಂತಿರುವ ಎಣ್ಣೆಯನ್ನು ಕಳೆಯಬೇಕು. ಉಳಿದದ್ದನ್ನು ಆ ದಿನ ತೂಗಿದ ಚಕ್ಕುಲಿಯ ಕೆಜಿಗಳಿಂದ ಭಾಗಿಸಬೇಕು. ಎಣ್ಣೆ ಬದಲಿಸಿದ ದಿನ, ಬದಲಿಸದ ದಿನ ಎರಡೂ ಸೇರುವಂತೆ ಎಂಟು ಹತ್ತು ದಿನದ ಸರಾಸರಿ ಹಿಡಿದರೆ ನಂಬುವಂಥ ಅಂಕಿ ಸಿಗುತ್ತದೆ.

ಟಿನ್ನಿನ ಮೇಲೆ ಬರೆದದ್ದನ್ನೂ ಓದಿ ನೋಡಬೇಕು. 15 ಕೆಜಿ ಟಿನ್ ಬೇರೆ, 15 ಲೀಟರ್ ಟಿನ್ ಬೇರೆ. ಒಂದು ಲೀಟರ್ ಎಣ್ಣೆ ತೂಗುವುದು ಸುಮಾರು 910 ಗ್ರಾಂ. ಹಾಗಾಗಿ 15 ಲೀಟರ್ ಟಿನ್ನಿನಲ್ಲಿರುವುದು 13.65 ಕೆಜಿ ಮಾತ್ರ. 2,100 ರೂಪಾಯಿಗೆ ಲೀಟರ್ ಟಿನ್ ಬಂದಿದ್ದರೆ ಕೆಜಿಗೆ ಬಿದ್ದದ್ದು 140 ಅಲ್ಲ, ಸುಮಾರು 154.

ಈ ಅಂಗಡಿಯಲ್ಲಿ ಒಂದು ಕೆಜಿ ಚಕ್ಕುಲಿಗೆ 400 ಗ್ರಾಂ ಎಣ್ಣೆ ಖರ್ಚಾಗುತ್ತದೆ ಎನ್ನೋಣ. ಅಕ್ಕಿ ಹಿಟ್ಟು, ಹುರಿಗಡಲೆ, ಬೆಣ್ಣೆ, ಎಳ್ಳು, ಪ್ಯಾಕೆಟ್ಟು, ಕರಿಯುವವರ ಕೂಲಿ ಸೇರಿ 136 ರೂಪಾಯಿ. ಹಳೆಯ ದರದಲ್ಲಿ ಎಣ್ಣೆಗೆ 44, ಒಟ್ಟು ಅಸಲು 180. ಜಿಎಸ್‌ಟಿ ಬಿಟ್ಟು ಮಾರಾಟ ಬೆಲೆ 300. ಲಾಭ 120, ಮಾರ್ಜಿನ್ ಶೇ. 40. ಹೊಸ ದರದಲ್ಲಿ ಎಣ್ಣೆಗೆ 56 ಆಗಿ ಅಸಲು 192ಕ್ಕೆ ಏರುತ್ತದೆ. ಲಾಭ 108, ಮಾರ್ಜಿನ್ ಶೇ. 36. ಚಕ್ಕುಲಿ ಗುರಿಯ ಕೆಳಗೆ ಬಂತು.

ಇದೇ ಲೆಕ್ಕವನ್ನು ಉಳಿದ ತಿಂಡಿಗಳಿಗೂ ಹಾಕಿದರೆ ಏರಿಕೆಯ ಪೆಟ್ಟು ಎಲ್ಲಕ್ಕೂ ಒಂದೇ ಸಮ ಬಿದ್ದಿಲ್ಲವೆಂದು ತಿಳಿಯುತ್ತದೆ. ಕೆಜಿಗೆ ಅರ್ಧ ಕೆಜಿ ಎಣ್ಣೆ ಬೇಡುವ, 280 ರೂಪಾಯಿಯ ಮಿಕ್ಸ್ಚರ್‌ನ ಅಸಲು 171ರಿಂದ 186 ಆಗಿ, ಮಾರ್ಜಿನ್ ಶೇ. 38.9ರಿಂದ 33.6ಕ್ಕೆ ಕುಸಿಯುತ್ತದೆ. ಬರೀ ಒಗ್ಗರಣೆಗೆ 100 ಗ್ರಾಂ ಸಾಕಾಗುವ, 240 ರೂಪಾಯಿಯ ಖಾರದ ಅವಲಕ್ಕಿಯ ಮಾರ್ಜಿನ್ ಶೇ. 42.5ರಿಂದ 41.3ಕ್ಕೆ ಇಳಿದು ನಿಲ್ಲುತ್ತದೆ. ಎಣ್ಣೆ ದುಬಾರಿಯಾಯಿತೆಂದು ಎಲ್ಲ ತಿಂಡಿಗೂ ಕೆಜಿಗೆ 20 ರೂಪಾಯಿ ಏರಿಸುವುದು ರೂಢಿಯಲ್ಲಿದೆ. ಅದರಿಂದ ಅವಲಕ್ಕಿ ಕೊಳ್ಳುವವರಿಗೆ ಅನ್ಯಾಯ, ಅವರನ್ನು ಕಳೆದುಕೊಳ್ಳುವ ಅಂಗಡಿಗೂ ನಷ್ಟ.

ಕಂಪ್ಯೂಟರಿನ ಹಾಳೆಯಲ್ಲಿ ಇದಕ್ಕೆ ಮೂರು ಸೂತ್ರ ಸಾಕು. B ಕಂಬದಲ್ಲಿ ಮಾರಾಟ ಬೆಲೆ, Cಯಲ್ಲಿ ಎಣ್ಣೆ ಬಿಟ್ಟು ಉಳಿದ ಅಸಲು, Dಯಲ್ಲಿ ಎಣ್ಣೆಯ ಕೆಜಿ. H1ರಲ್ಲಿ ಎಣ್ಣೆಯ ದರ, H2ರಲ್ಲಿ ಗುರಿ. ಅಸಲು, ಮಾರ್ಜಿನ್, ಗುರುತು ಕ್ರಮವಾಗಿ E, F, G ಕಂಬಗಳಲ್ಲಿ ಬರುತ್ತವೆ:

```
=C2+D2*$H$1
=(B2-E2)/B2
=IF(F2<$H$2,"ಗುರಿಗಿಂತ ಕಡಿಮೆ","")
```

ದರ ಒಂದೇ ಮನೆಯಲ್ಲಿ ಇರುವುದರಿಂದ ಹೊಸ ಬಿಲ್ಲು ಬಂದ ದಿನ H1 ತಿದ್ದಿದರೆ ಎಲ್ಲ ಸಾಲುಗಳೂ ತಾವೇ ಬದಲಾಗುತ್ತವೆ. ಅಲ್ಲಿ ಬರೆಯುವ ದರಕ್ಕೆ ಸಾಗಣೆ, ಹಮಾಲಿ ಸೇರಿರಬೇಕು. ಹತ್ತು ಟಿನ್ನಿಗೆ ಒಂದು ಉಚಿತ ಎಂಬಂಥ ಸ್ಕೀಮಿನ ಲಾಭ ಕಳೆದಿರಬೇಕು. ಕಾಂಪೋಸಿಷನ್ ಪದ್ಧತಿಯ ಅಂಗಡಿಗೆ ಖರೀದಿಯ ಜಿಎಸ್‌ಟಿ ವಾಪಸು ಸಿಗದ ಕಾರಣ ಅದೂ ಅಸಲಿಗೇ ಸೇರುತ್ತದೆ.

ಯಾವ ದಿನದಿಂದ ಹೊಸ ದರ ಹಿಡಿಯಬೇಕು ಎಂಬುದು ನಿಜವಾಗಿ ಯೋಚಿಸಬೇಕಾದ ಪ್ರಶ್ನೆ. ಗೋದಾಮಿನಲ್ಲಿ ಹಳೆಯ ದರದ ಹತ್ತು ಟಿನ್ ಉಳಿದಿದ್ದು, ಹೊಸದಾಗಿ ಹತ್ತು ಬಂದರೆ ಸರಾಸರಿ ಕೆಜಿಗೆ 125 ರೂಪಾಯಿ. ಈ ಸರಾಸರಿ ಹಿಡಿದರೆ ಚಕ್ಕುಲಿಯ ಅಸಲು 186, ಮಾರ್ಜಿನ್ ಸರಿಯಾಗಿ ಶೇ. 38; ಗುರುತು ಬೀಳುವುದೇ ಇಲ್ಲ. ಹಳೆಯ ಟಿನ್ನುಗಳು ಮುಗಿದ ಮೇಲಷ್ಟೇ ಕೊರತೆ ಕಣ್ಣಿಗೆ ಬೀಳುತ್ತದೆ, ಆ ವೇಳೆಗೆ ಹಬ್ಬದ ಮಾರಾಟವೂ ಮುಗಿದಿರುತ್ತದೆ. ಲೆಕ್ಕಪತ್ರಕ್ಕೆ ಸರಾಸರಿ ದರ ಇರಲಿ, ಬೆಲೆ ನಿರ್ಧರಿಸಲು ಮುಂದಿನ ಟಿನ್ನಿಗೆ ಕೊಡಬೇಕಾದ ದರವನ್ನೇ ಹಿಡಿಯುವುದು ಒಳ್ಳೆಯದು.

ಗುರುತು ಬಿದ್ದ ಸರಕುಗಳಲ್ಲಿ ಮೊದಲು ಯಾವುದನ್ನು ಸರಿಪಡಿಸಬೇಕು ಎಂಬುದನ್ನು ಶೇಕಡಾವಾರು ಒಂದೇ ಹೇಳಲಾರದು. ಗುರಿ ಮುಟ್ಟಲು ಮಿಕ್ಸ್ಚರ್‌ಗೆ ಕೆಜಿಗೆ 12.40 ರೂಪಾಯಿ ಲಾಭ ಕಡಿಮೆ ಬಿದ್ದಿದೆ, ಚಕ್ಕುಲಿಗೆ 6 ರೂಪಾಯಿ. ಆದರೆ ತಿಂಗಳಿಗೆ ಮಿಕ್ಸ್ಚರ್ 120 ಕೆಜಿ, ಚಕ್ಕುಲಿ 500 ಕೆಜಿ ಹೋಗುವುದಾದರೆ ಕೊರತೆ ಕ್ರಮವಾಗಿ 1,488 ಮತ್ತು 3,000 ರೂಪಾಯಿ. ಹೆಚ್ಚು ಸೋರುತ್ತಿರುವುದು ಚಕ್ಕುಲಿಯಲ್ಲೇ.

ಹೊಸ ಬೆಲೆ ತೆಗೆಯುವಾಗ ಅಸಲಿನ ಮೇಲೆ ಶೇ. 38 ಕೂಡಿಸುವುದು ತಪ್ಪು. ಹಾಗೆ ಮಾಡಿದರೆ ಚಕ್ಕುಲಿಗೆ 265 ರೂಪಾಯಿ ಬರುತ್ತದೆ, ಈಗಿನ ಬೆಲೆಗಿಂತಲೂ ಕಡಿಮೆ! ಮಾರ್ಜಿನ್ ಮಾರಾಟ ಬೆಲೆಯ ಪಾಲಾದ್ದರಿಂದ ಅಸಲನ್ನು 0.62ರಿಂದ ಭಾಗಿಸಬೇಕು. ಚಕ್ಕುಲಿಗೆ 310, ಮಿಕ್ಸ್ಚರ್‌ಗೆ 300 ಬರುತ್ತದೆ. ಎಂಆರ್‌ಪಿ ಅಚ್ಚಾಗಿ ಆಗಲೇ ಅಂಗಡಿಯಲ್ಲಿರುವ ಪ್ಯಾಕೆಟ್ಟುಗಳನ್ನು ಅದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ, ಹೊಸ ಬೆಲೆ ಹೊಸ ಪ್ಯಾಕೆಟ್ಟಿಗಷ್ಟೇ.

ದರ ಇಳಿದಾಗಲೂ ಇದೇ ಹಾಳೆ ಕೆಲಸಕ್ಕೆ ಬರುತ್ತದೆ. 2025ರ ಮೇ ಕೊನೆಯಲ್ಲಿ ಕಚ್ಚಾ ಎಣ್ಣೆಗಳ ಮೇಲಿನ ಆ ಸುಂಕ ಶೇ. 20ರಿಂದ 10ಕ್ಕೆ ಇಳಿಯಿತು. ಅಂಥ ಇಳಿಕೆ ಎಣ್ಣೆ ವ್ಯಾಪಾರಿಯ ಬಿಲ್ಲಿನಲ್ಲಿ ಕಂಡ ದಿನ H1 ಮತ್ತೆ ತಿದ್ದಿದರೆ, ಏರಿಸಿದ ಹತ್ತು, ಇಪ್ಪತ್ತು ರೂಪಾಯಿಯಲ್ಲಿ ಎಷ್ಟನ್ನು ಗಿರಾಕಿಗೆ ಬಿಟ್ಟುಕೊಡಬಹುದು ಎಂಬುದು ತಿಂಡಿ ತಿಂಡಿಗೂ ಬೇರೆಯಾಗಿ ಸಿಗುತ್ತದೆ.