ಉತ್ತರ ತಪ್ಪಿದರೂ ಸಾಲಿಗೆ ಅಂಕವಿದೆ

“ಮೇಡಂ, ಲೆಕ್ಕ ಶುರು ಮಾಡ್ತೀನಿ. ಅರ್ಧಕ್ಕೆ ಬಂದಾಗ ಮುಂದೆ ಏನೂ ತೋಚಲ್ಲ. ಆಮೇಲೆ ಪೂರ್ತಿ ಲೆಕ್ಕಾನೇ ಹೊಡೆದು ಹಾಕಿಬಿಡ್ತೀನಿ.”

ಸರ್ಕಾರಿ ಪ್ರೌಢಶಾಲೆಯೊಂದರ ಹತ್ತನೇ ತರಗತಿಯ ಹುಡುಗಿ ಹೀಗೆಂದಾಗ ಉಳಿದವರೂ ತಲೆಯಾಡಿಸಿದರು. ಎಸ್ಸೆಸ್ಸೆಲ್ಸಿ ಗಣಿತ ಪತ್ರಿಕೆಗೆ ಮುಂಚಿನ ಕೊನೆಯ ತರಗತಿ ಅದು. ಮೇಡಂ ಧೈರ್ಯದ ದೊಡ್ಡ ಮಾತೇನನ್ನೂ ಆಡಲಿಲ್ಲ. “ಹೊಡೆದು ಹಾಕಬೇಡಮ್ಮಾ, ಅದರಲ್ಲಿ ನಿನ್ನ ಒಂದೂವರೆ ಅಂಕ ಇರುತ್ತೆ” ಎಂದು ಚಾಕ್‌ಪೀಸ್ ಕೈಗೆತ್ತಿಕೊಂಡರು. ಆಮೇಲಿನ ಅವರ ಭಾಷಣವೆಲ್ಲ ಆ ಒಂದೂವರೆ ಅಂಕದ ಲೆಕ್ಕವೇ. ಪರೀಕ್ಷೆಗೆ ಹೆದರಿದ ಮಕ್ಕಳಿಗೆ ಅದಕ್ಕಿಂತ ಉಪಯೋಗವಾಗುವ ಮಾತನ್ನು ನಾನು ಕೇಳಿಲ್ಲ.

ಹಲಗೆಯ ಮೇಲೆ ಅವರು ಬರೆದದ್ದು ಮೂರು ಅಂಕದ ಪ್ರಶ್ನೆ: ಒಂದು ಸಮಾಂತರ ಶ್ರೇಢಿಯ 3ನೇ ಪದ 11, 8ನೇ ಪದ 31. ಮೊದಲ 20 ಪದಗಳ ಮೊತ್ತ ಎಷ್ಟು? ಮೊದಲ ಪದ a, ಸಾಮಾನ್ಯ ವ್ಯತ್ಯಾಸ d ಎಂದಿಟ್ಟುಕೊಂಡರೆ ಎರಡು ಸಮೀಕರಣ ಸಿಗುತ್ತವೆ.

a + 2d = 11
a + 7d = 31

ಎರಡನೆಯದರಿಂದ ಮೊದಲನೆಯದನ್ನು ಕಳೆದರೆ 5d = 20, ಅಂದರೆ d = 4. ಅದರಿಂದ a = 3. ಮೊತ್ತದ ಸೂತ್ರ Sₙ = n/2 [2a + (n − 1)d]. ಬೆಲೆ ಹಾಕಿದರೆ 10 × (6 + 76) = 820.

“ಈಗ ನಾನು ನಿಮ್ಮ ಪೇಪರ್ ತಿದ್ದೋಳು” ಎಂದು ಮೇಡಂ ಕೆಂಪು ಚಾಕ್ ಹಿಡಿದರು. ಮೊದಲ ಸಮೀಕರಣದ ಪಕ್ಕ ಅರ್ಧ, ಎರಡನೆಯದರ ಪಕ್ಕ ಅರ್ಧ, d ಕಂಡುಹಿಡಿದದ್ದಕ್ಕೆ ಅರ್ಧ, a ಗೆ ಅರ್ಧ, ಸೂತ್ರಕ್ಕೆ ಅರ್ಧ, ಕೊನೆಯ ಉತ್ತರಕ್ಕೆ ಅರ್ಧ. ಒಟ್ಟು ಮೂರು. ಮೌಲ್ಯಮಾಪಕರ ಕೈಗೆ ಬರುವ ಮಾದರಿ ಉತ್ತರಗಳಲ್ಲಿ ಅಂಕಗಳು ಹೀಗೇ ಹಂತ ಹಂತವಾಗಿ ಹಂಚಿಹೋಗಿರುತ್ತವೆ. ಪ್ರಶ್ನೆಯಿಂದ ಪ್ರಶ್ನೆಗೆ ಹಂಚಿಕೆ ಸ್ವಲ್ಪ ಬದಲಾದೀತು, ಆದರೆ ಕ್ರಮ ಇದೇ. ಬೇರೆ ವಿಧಾನದಲ್ಲಿ ಸರಿಯಾಗಿ ಬಿಡಿಸಿದರೂ ಅಂಕ ಉಂಟು.

ಆ ಹುಡುಗಿ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಇಂಥದೇ ಲೆಕ್ಕದಲ್ಲಿ ಎಡವಿದ್ದಳಂತೆ. ಗಡಿಬಿಡಿಯಲ್ಲಿ 5d = 20 ರಿಂದ d = 5 ಎಂದು ಬರೆದಳು ಎನ್ನೋಣ. ಆಗ a = 1 ಆಗುತ್ತದೆ, ಮೊತ್ತ 970 ಬರುತ್ತದೆ. d, a, ಉತ್ತರ ಮೂರೂ ತಪ್ಪು. ಆದರೂ ಎರಡು ಸಮೀಕರಣ ಮತ್ತು ಸೂತ್ರ ಸರಿಯಾಗಿಯೇ ಇವೆ, ಅವಕ್ಕೆ ಒಂದೂವರೆ ಅಂಕ ಸಲ್ಲುತ್ತದೆ. ಉತ್ತರ ಯಾಕೋ ಸರಿಯಿಲ್ಲ ಅನ್ನಿಸಿ ಅಡ್ಡಗೆರೆ ಎಳೆದುಬಿಟ್ಟರೆ ಅದೂ ಹೋಗುತ್ತದೆ. ಹೊಡೆದು ಹಾಕಿದ್ದನ್ನು ಮೌಲ್ಯಮಾಪಕರು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ತಪ್ಪು ತನಗೇ ಗೊತ್ತಾಗುವ ದಾರಿಯನ್ನೂ ಮೇಡಂ ತೋರಿಸಿದರು. ಸಾಮಾನ್ಯವಾಗಿ ಮಕ್ಕಳು a ಮತ್ತು d ಯನ್ನು ಮೊದಲ ಸಮೀಕರಣದಲ್ಲೇ ಹಾಕಿ ತಾಳೆ ನೋಡುತ್ತಾರೆ. 1 + 10 = 11, ಸರಿಯಾಗಿಯೇ ಬರುತ್ತದೆ. a ಯನ್ನು ಕಂಡುಹಿಡಿದದ್ದೇ ಆ ಸಮೀಕರಣದಿಂದ, ಅದು ತಾಳೆಯಾಗದೆ ಇನ್ನೇನು? ತಾಳೆ ನೋಡಬೇಕಾದದ್ದು ಇನ್ನೊಂದರಲ್ಲಿ. 1 + 35 = 36, ಬರಬೇಕಾದದ್ದು 31. ಹತ್ತು ಸೆಕೆಂಡಿನಲ್ಲಿ ತಪ್ಪು ಬಯಲಾಯಿತು.

ಹಿಂದಿನ ಬೆಂಚಿನ ಹುಡುಗನದು ಗ್ರಾಫಿನ ಭಯ. “ಮೇಡಂ, ನಂಗೆ ಎರಡು ಗೆರೆ ಸೇರೋದೇ ಇಲ್ಲ.” ಮೇಡಂ ಎರಡು ಸಮೀಕರಣ ಕೊಟ್ಟರು: 2x + y = 6 ಮತ್ತು 2x − y = 2. ಮೊದಲನೆಯದಕ್ಕೆ (0, 6), (1, 4) ಬಿಂದುಗಳು ಸರಿಯಾಗಿ ಬಂದವು. ಎರಡನೆಯದರಲ್ಲಿ x = 0 ಎಂದು ಹಾಕಿದಾಗ −y = 2 ಆಗುತ್ತದೆ, y ಬೆಲೆ −2. ಹುಡುಗ ಋಣ ಚಿಹ್ನೆ ಬಿಟ್ಟು 2 ಎಂದು ಬರೆದ. ಇನ್ನೊಂದು ಬಿಂದು (1, 0) ಸರಿಯೇ ಇತ್ತು. ಎರಡು ಬಿಂದುಗಳನ್ನು ಸೇರಿಸಿದಾಗ ಗೆರೆಗಳು ಒಂದಕ್ಕೊಂದು ಸಮಾಂತರವಾಗಿ ನಿಂತವು. ಪರೀಕ್ಷೆ ಹಾಲಿನಲ್ಲಿ ಹೀಗಾದರೆ ಮಗು ಪ್ರಶ್ನೆಯೇ ತಪ್ಪೇನೋ ಎಂದುಕೊಂಡು ಅಲ್ಲೇ ಕಂಗಾಲಾಗುತ್ತದೆ.

ಮದ್ದು ಸುಲಭ. ಪ್ರತಿ ಸಮೀಕರಣಕ್ಕೂ ಮೂರು ಬಿಂದು ತೆಗೆಯಬೇಕು. ಯಾವುದೇ ಎರಡು ಬಿಂದುಗಳನ್ನು ಸರಳರೇಖೆಯಿಂದ ಸೇರಿಸಬಹುದು, ಆದ್ದರಿಂದ ಎರಡರಲ್ಲಿ ತಪ್ಪು ಅಡಗಿಕೊಳ್ಳುತ್ತದೆ. (0, 2), (1, 0), (2, 2) ಎಂದು ಮೂರನ್ನು ಗುರುತಿಸಿದಾಗ ಸ್ಕೇಲು ಕೂರಲೇ ಇಲ್ಲ. ಹುಡುಗ ತಾನೇ ಪಟ್ಟಿಗೆ ಹಿಂತಿರುಗಿ ಋಣ ಚಿಹ್ನೆ ಹಾಕಿದ. ಗೆರೆಗಳು (2, 2) ರಲ್ಲಿ ಸೇರಿದವು. ನಾಲ್ಕು ಅಂಕದ ಈ ಪ್ರಶ್ನೆಯಲ್ಲಿ ಬೆಲೆಗಳ ಪಟ್ಟಿಗಳಿಗೇ ಸಾಮಾನ್ಯವಾಗಿ ಎರಡು ಅಂಕ. ಗೆರೆ ಎಳೆಯುವ ಮೊದಲೇ ಅರ್ಧ ದಾರಿ ಸಾಗಿರುತ್ತದೆ.

ಪ್ರಮೇಯದ ವಿಷಯವೂ ಅಷ್ಟೇ. ಥೇಲ್ಸ್‌ನ ಪ್ರಮೇಯದ ಸಾಧನೆ ಮಧ್ಯದಲ್ಲಿ ಮರೆತುಹೋದರೂ ಚಿತ್ರ, ದತ್ತ, ಸಾಧನೀಯ, ರಚನೆ ಈ ನಾಲ್ಕನ್ನು ಬರೆದವರು ಬರಿಗೈಲಿ ಹೋಗುವುದಿಲ್ಲ. ಇವಕ್ಕೆ ಅರ್ಧರ್ಧ ಅಂಕ ಕೊಡುವುದು ರೂಢಿ.

ಹಂತದ ಅಂಕ ಎಲ್ಲ ಕಡೆ ಕೈಹಿಡಿಯುವುದಿಲ್ಲ ಎಂಬುದನ್ನು ಮೇಡಂ ಮುಚ್ಚಿಡಲಿಲ್ಲ. ಈಚಿನ ವರ್ಷಗಳ ಪತ್ರಿಕೆಯಲ್ಲಿ 80 ಅಂಕಕ್ಕೆ 38 ಪ್ರಶ್ನೆ. ಅದರಲ್ಲಿ ಮೊದಲ ಎಂಟು ಬಹು ಆಯ್ಕೆಯವು. ಅಲ್ಲಿ ಸರಿಯಾದ ಆಯ್ಕೆಗಷ್ಟೇ ಅಂಕ, ಪಕ್ಕದಲ್ಲಿ ಎಷ್ಟು ಲೆಕ್ಕ ಮಾಡಿದರೂ ಪ್ರಯೋಜನವಿಲ್ಲ. ಹಾಗಂತ ಯಾವುದನ್ನೂ ಖಾಲಿ ಬಿಡಬಾರದು, ಏಕೆಂದರೆ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪ್ರಶ್ನೆಯಲ್ಲಿರುವ ಸಂಖ್ಯೆಯನ್ನೇ ತಪ್ಪಾಗಿ ಇಳಿಸಿಕೊಂಡರೆ ಏಟು ಇನ್ನೂ ದೊಡ್ಡದು, ಮೊದಲ ಸಾಲಿನಿಂದಲೇ ಬೇರೆ ಲೆಕ್ಕ ಶುರುವಾಗಿರುತ್ತದೆ. ಅದಕ್ಕೇ ಮೂರು ಗಂಟೆಯ ಬರವಣಿಗೆಗೆ ಮುಂಚೆ ಪ್ರಶ್ನೆಪತ್ರಿಕೆ ಓದಲು ಕೊಡುವ 15 ನಿಮಿಷವನ್ನು ಹೇಗೆ ಕಳೆಯಬೇಕೆಂದು ಅವರು ಒತ್ತಿ ಹೇಳಿದರು. ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಲೆಕ್ಕ ಬಿಡಿಸಲು ಹೋಗಬಾರದು. ಯಾವ ಪ್ರಶ್ನೆ ಕೈಯಲ್ಲಿದೆ, ಯಾವುದರಲ್ಲಿ ಮೊದಲ ಸಾಲಾದರೂ ಗೊತ್ತು, ಯಾವುದು ಪೂರ್ತಿ ಹೊಸದು ಎಂದು ವಿಂಗಡಿಸಿಕೊಳ್ಳಬೇಕು. ಬರೆಯುವುದೂ ಅದೇ ಕ್ರಮದಲ್ಲಿ. ಐದು ಅಂಕದ ಕೊನೆಯ ಪ್ರಶ್ನೆಯ ಮುಂದೆ ಅರ್ಧ ಗಂಟೆ ಕೂತವರ ಕೈಯಿಂದ ಮೂರು ಅಂಕದ ಸುಲಭ ಪ್ರಶ್ನೆಗಳು ಜಾರಿಹೋಗುತ್ತವೆ.

“ಫೇಲಾದ್ರೆ ಮೇಡಂ?” ಎಂದು ಯಾರೋ ಮೆಲ್ಲಗೆ ಕೇಳಿದರು. ರಾಜ್ಯದಲ್ಲಿ 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು ಎಂದು ಮೇಡಂ ವಿವರಿಸಿದರು. ತಿದ್ದಿದ್ದು ಸರಿಯಿಲ್ಲ ಅನ್ನಿಸಿದರೆ ಉತ್ತರಪತ್ರಿಕೆಯ ನಕಲು ತರಿಸಿ ಮರುಮೌಲ್ಯಮಾಪನಕ್ಕೆ ಹಾಕಬಹುದು. ಹುಡುಗಿಯ ಮುಖ ಸಡಿಲಾದದ್ದು ಮಾತ್ರ ಇದಕ್ಕಿಂತ ಮೊದಲೇ, ಅವಳ ಲೆಕ್ಕದ ಪಕ್ಕ ಕೆಂಪು ಚಾಕಿನ ಮೂರು ಅರ್ಧಗಳು ಬಿದ್ದಾಗ.

ಗಣಿತ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ಕೋರಿಕೆ. ಈ ಮಾತನ್ನು ಕೊನೆಯ ತರಗತಿಯವರೆಗೆ ಕಾಯಿಸಬೇಡಿ. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ ಹಿಂತಿರುಗಿಸುವ ದಿನವೇ ಒಂದು ತಪ್ಪು ಲೆಕ್ಕವನ್ನು ಹಲಗೆಯ ಮೇಲೆ ಬರೆದು, ಅದರ ಯಾವ ಯಾವ ಸಾಲಿಗೆ ಎಷ್ಟು ಅಂಕ ಬರುತ್ತದೆಂದು ಮಕ್ಕಳ ಕೈಯಿಂದಲೇ ಹಾಕಿಸಿ.