ಎಂಟು ಪರ್ಸೆಂಟ್ ಸಾಲವೇ ದುಬಾರಿಯಾದಾಗ

ತಮ್ಮನಿಗೆ ಬೈಕ್ ಕೊಳ್ಳೋಕೆ ಒಂದು ಲಕ್ಷ ಸಾಲ ಬೇಕಿತ್ತು, ಎರಡು ವರ್ಷಕ್ಕೆ. "ಅಕ್ಕಾ, ಶೋರೂಮಲ್ಲಿ ಬರೀ 8 ಪರ್ಸೆಂಟ್ ಅಂತೆ, ಬ್ಯಾಂಕ್ ನೋಡಿದ್ರೆ 13 ಕೇಳ್ತಿದೆ" ಅಂದ. ಇಬ್ಬರೂ ಕೂತು ಲೆಕ್ಕ ಹಾಕಿದೆವು.

ಶೋರೂಮಿನದು ಫ್ಲಾಟ್ ದರ. ಕಂತು ಕಟ್ಟುತ್ತಾ ಅರ್ಧ ಅಸಲು ತೀರಿದ್ರೂ ಬಡ್ಡಿ ಮಾತ್ರ ಪೂರ್ತಿ ಲಕ್ಷದ ಮೇಲೇ. ಎರಡು ವರ್ಷಕ್ಕೆ 16,000 ಬಡ್ಡಿ, ತಿಂಗಳಿಗೆ 4,833 ಕಂತು. ಜೊತೆಗೆ 2,000 ಪ್ರೊಸೆಸಿಂಗ್ ಶುಲ್ಕವನ್ನು ಮೊದಲೇ ಹಿಡಿದುಕೊಳ್ತಾರೆ. ಅಲ್ಲಿಗೆ ಒಟ್ಟು ಖರ್ಚು 18,000.

ಬ್ಯಾಂಕಿನ 13 ಪರ್ಸೆಂಟ್ ಉಳಿದಿರುವ ಅಸಲಿನ ಮೇಲೆ ಮಾತ್ರ. ಕಂತು 4,754, ಬಡ್ಡಿ ಸುಮಾರು 14,100. ಶುಲ್ಕ 500 ಸೇರಿಸಿದ್ರೂ 14,600. ಅಂದರೆ 3,400 ಉಳಿತಾಯ!

ನಿಜವಾದ ವಾರ್ಷಿಕ ದರ ತಿಳಿಯಲು ಎಕ್ಸೆಲ್‌ನಲ್ಲಿ ಹೀಗೆ ಬರೆಯಿರಿ:

```
=RATE(24,-4833,98000)*12
```

ಇಲ್ಲಿ 98,000 ಅಂದರೆ ಶುಲ್ಕ ಕಳೆದು ಕೈಗೆ ಸಿಗುವ ಹಣ. ಉತ್ತರ ಸುಮಾರು 16.7 ಪರ್ಸೆಂಟ್. ಬ್ಯಾಂಕಿನದು ಇದೇ ಲೆಕ್ಕದಲ್ಲಿ 13.5.

ಒಂದು ಎಚ್ಚರಿಕೆ. ಒಟ್ಟು ಖರ್ಚನ್ನು ಹೋಲಿಸೋದು ಮೊತ್ತ, ಅವಧಿ ಎರಡೂ ಒಂದೇ ಇದ್ದಾಗ ಮಾತ್ರ ಸರಿ. ಅವಧಿ ಬೇರೆಯಾದ್ರೆ ವಾರ್ಷಿಕ ದರವನ್ನೂ ನೋಡಬೇಕು.

ಲೆಕ್ಕ ಬೇಡ ಅನ್ನುವವರು ಸಹಿಗೆ ಮುಂಚೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಕೇಳಿ. ರಿಸರ್ವ್ ಬ್ಯಾಂಕ್ ನಿಯಮದಂತೆ ಅಕ್ಟೋಬರ್ 2024ರಿಂದ ಇಂಥ ಹೊಸ ಸಾಲಗಳಿಗೆ ಅದನ್ನು ಕೊಡಲೇಬೇಕು. ಅದರಲ್ಲಿ 'ಎಪಿಆರ್' ಎಂದಿರುವುದೇ ಶುಲ್ಕವೂ ಸೇರಿದ ವಾರ್ಷಿಕ ದರ. ತಮ್ಮ ಅದನ್ನು ಕೇಳಿದ. ಸಾಲ ಬ್ಯಾಂಕಿನಲ್ಲೇ ತಗೊಂಡ.