ಮುಳ್ಳು ಹಿಂದಕ್ಕೆ ಸರಿದಾಗ

ಐದು ಅಶ್ವಶಕ್ತಿಯ ತ್ರೀ-ಫೇಸ್ ಮೋಟಾರು ಹೊರೆಯಿಲ್ಲದೆ ತಿರುಗುತ್ತಿದೆ. ಮೂರು ತಂತಿಗಳಲ್ಲಿ ಎರಡಕ್ಕೆ ಒಂದೊಂದು ವಾಟ್‌ಮೀಟರ್ ಜೋಡಿಸಿದೆ. ಮೂರನೆಯ ತಂತಿ ಎರಡಕ್ಕೂ ಆಧಾರ. ಒಂದು 900 ವಾಟ್ ತೋರಿಸುತ್ತದೆ, ಇನ್ನೊಂದರ ಮುಳ್ಳು ಸೊನ್ನೆಯಿಂದ ಹಿಂದಕ್ಕೆ ಸರಿಯುತ್ತದೆ.

ಮೀಟರು ಕೆಟ್ಟಿಲ್ಲ. ವಿದ್ಯುತ್ ಪ್ರವಾಹ ವೋಲ್ಟೇಜಿಗಿಂತ 60 ಡಿಗ್ರಿಗೂ ಹೆಚ್ಚು ಹಿಂದುಳಿದರೆ, ಅಂದರೆ ಪವರ್ ಫ್ಯಾಕ್ಟರ್ 0.5ಕ್ಕಿಂತ ಇಳಿದರೆ, ಹೀಗಾಗುವುದು ಸಹಜ. ಆ ಮೀಟರಿನ ಪ್ರೆಷರ್ ಕಾಯಿಲ್ ತುದಿಗಳನ್ನು ಅದಲುಬದಲು ಮಾಡಿದರೆ 500 ಸಿಗುತ್ತದೆ. ಅದನ್ನು ಕಳೆಯಬೇಕು: ನಿಜವಾದ ಶಕ್ತಿ 400 ವಾಟ್.

ಸಮತೋಲಿತ ಹೊರೆಗೆ ಕೋನದ ಸೂತ್ರ:

tan φ = √3 (W₁ − W₂) / (W₁ + W₂)

ಇಲ್ಲಿ ಅದು √3 × 1400 / 400, ಸುಮಾರು 6.06, ಪವರ್ ಫ್ಯಾಕ್ಟರ್ 0.16. ಮೈನಸ್ ಮರೆತು ಕೂಡಿಸಿದರೆ 1400 ವಾಟ್, 0.9 ಎಂಬ ಸುಳ್ಳು ಚಿತ್ರ ಸಿಗುತ್ತದೆ.

ತಂತಿ ಜೋಡಣೆಯೇ ತಪ್ಪಿದೆಯೆಂಬ ಅನುಮಾನವಿದ್ದರೆ ಮೋಟಾರಿಗೆ ಹೊರೆ ಹೆಚ್ಚಿಸುತ್ತ ಹೋಗಿ. ಜೋಡಣೆ ಸರಿಯಿದ್ದರೆ ಆ ಮೈನಸ್ ಅಳತೆ ಸೊನ್ನೆಗೆ ಬಂದು, ಮುಂದೆ ಪ್ಲಸ್ ಆಗುತ್ತದೆ.